ಲೋಡು ನೋಡಲು ಬಂದ ಸಂಜೆ

ಆ ಬೇಸಿಗೆಯಲ್ಲಿ ಸಂಜೆಯಾದರೆ ನಮ್ಮ ದೇವರ ಮನೆಯ ಹಳೆಯ ಬಲ್ಬು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಫ್ಯಾನಿನ ರೆಕ್ಕೆಗಳು ನಿದ್ದೆಗಣ್ಣಿನಲ್ಲಿ ಸುತ್ತುತ್ತಿದ್ದವು. ನಂಜನಗೂಡಿನ ನಮ್ಮ ಬಡಾವಣೆಗೆ ಟ್ರಾನ್ಸ್‌ಫಾರ್ಮರು ಹಾಕಿದಾಗ ಅರ್ಧ ನಿವೇಶನಗಳಲ್ಲಿ ಎಕ್ಕದ ಗಿಡಗಳಿದ್ದವಂತೆ. ಈಗ ಮನೆ ಮೇಲೆ ಮನೆ, ಕೋಣೆಗೊಂದು ಎಸಿ.

ಎಲ್ಲರ ಮನೆ ದಾಟಿ ಮಿಕ್ಕ ಕರೆಂಟು ಕೊನೆಯ ಕಂಬದ ಮನೆಗೆ. ಅಲ್ಲಿದ್ದ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರ ಯಜಮಾನರಿಗೆ ಶ್ವಾಸಕೋಶದ ಕಾಯಿಲೆ, ಆಕ್ಸಿಜನ್ ಮಷೀನು ಹಗಲೂ ರಾತ್ರಿ ಓಡಬೇಕು. ವೋಲ್ಟೇಜು ಇಳಿದರೆ ಅದು ಕೀಂಯ್ ಎಂದು ಕೂಗಿ ನಿಲ್ಲುತ್ತಿತ್ತು. ಆ ಕೂಗಿಗಾಗಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ ಅಕ್ಕ ಆಗ ಸಿಲಿಂಡರಿಗೆ ಬದಲಾಯಿಸುತ್ತಿದ್ದರು. ಅದು ಹೆಚ್ಚು ಹೊತ್ತು ಬರುವಂಥದ್ದಲ್ಲ.

ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ನನ್ನ ಅಕ್ಷರ ದುಂಡಗಿದೆ ಎಂದು ವಿದ್ಯುತ್ ಕಚೇರಿಗೆ ಅರ್ಜಿ ಬರೆಯುವ ಕೆಲಸ ನನಗೇ ಕೊಟ್ಟರು. ನರಸೀಪುರದ ತವರಿನಲ್ಲಿದ್ದಾಗ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವಿನಯವೆಲ್ಲ ಮೊದಲ ಪ್ರತಿಯಲ್ಲಿ ತುಂಬಿಹೋಗಿತ್ತು. ಅಧ್ಯಕ್ಷರು ಓದಿ, ಇದು ಮದುವೆಗೆ ಕರೆದ ಹಾಗಿದೆಯಲ್ಲಮ್ಮ ಎಂದು ನಕ್ಕರು. ಎರಡನೆಯದರಲ್ಲಿ ನೇರವಾಗಿ ಬರೆದೆ: ಈಗಿರುವ ನೂರು ಕೆವಿಎ ಟ್ರಾನ್ಸ್‌ಫಾರ್ಮರು ಸಾಲುತ್ತಿಲ್ಲ, ಫ್ಯೂಸು ಪದೇ ಪದೇ ಹೋಗುತ್ತಿದೆ, ಇನ್ನೂರೈವತ್ತಕ್ಕೆ ಏರಿಸಿಕೊಡಬೇಕು. ಕೊನೆಯ ಮನೆಯ ಮಷೀನಿನ ಸಂಗತಿಯನ್ನೂ ಸೇರಿಸಿದೆ. ಮನೆಮನೆಯ ಸಹಿ ಬಿತ್ತು.

ವಿದ್ಯುತ್ ಉಪವಿಭಾಗದ ಕಚೇರಿಯಲ್ಲಿ ಅಧಿಕಾರಿ ಪೂರ್ತಿ ಓದಿದರು. ಸಂಜೆ ಎಲ್ಲರೂ ಕರೆಂಟು ಉಪಯೋಗಿಸುವ ಹೊತ್ತಿನಲ್ಲಿ ಲೋಡು ಅಳೆಯಬೇಕು, ಮಿತಿ ಮೀರಿದ್ದರೆ ಮಾತ್ರ ಅಂದಾಜುಪಟ್ಟಿ ಮಾಡಿ ಮೇಲಕ್ಕೆ ಕಳಿಸಬಹುದು ಎಂದರು. ನಾಳೆಯೇ ಜೂನಿಯರ್ ಎಂಜಿನಿಯರ್ ಜೆಇಯನ್ನು ಕಳಿಸುತ್ತೇನೆಂದೂ ಒಪ್ಪಿಕೊಂಡರು. ಅಧ್ಯಕ್ಷರು ಸಂತೋಷದಿಂದ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದರು: ನಾಳೆ ಸಂಜೆ ಅಧಿಕಾರಿಗಳು ಲೋಡು ನೋಡಲು ಬರುತ್ತಾರೆ, ಸಹಕರಿಸಿ.

ಮರುದಿನ ಸಂಜೆಯ ಚೆಂದವನ್ನು ಹೇಗೆ ಹೇಳಲಿ! ನನ್ನ ಬಲ್ಬು ಬೆಳ್ಳಗೆ ಉರಿಯಿತು. ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಹಾರಾಡಿತು. ಹೊರಗೆ ಬಂದರೆ ಬೀದಿಯಿಡೀ ಮೆತ್ತಗೆ, ಯಾವ ಗುಂಯ್ ಸದ್ದೂ ಇಲ್ಲದೆ, ನೀರಿನಡಿ ಮುಳುಗಿದಂತಿತ್ತು. ಜನ ಜಗಲಿಯಲ್ಲಿ ಕೂತು ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಪೆದ್ದಿ, ಸುಮ್ಮನೆ ಖುಷಿಪಟ್ಟೆ.

ಟ್ರಾನ್ಸ್‌ಫಾರ್ಮರಿನ ಬಳಿ ಜೆಇ, ಕೇಬಲ್ಲಿಗೆ ಬಾಯಿ ಹಾಕಿ ಹಿಡಿಯುವ ಮೀಟರಿನಿಂದ ಮೂರೂ ಫೇಸು ನೋಡಿ ಹುಬ್ಬೇರಿಸಿದರು.

"ನಿಮ್ ಟ್ರಾನ್ಸ್‌ಫಾರ್ಮರು ಆರಾಮಾಗಿದೆಯಲ್ಲ ಸಾರ್. ಇನ್ನೊಂದು ಬಡಾವಣೆ ಬೇಕಾದ್ರೂ ಇದಕ್ಕೇ ಸೇರಿಸ್ಬೋದು."

ಅಧ್ಯಕ್ಷರ ಮುಖ ಇಳಿಯಿತು. ಎದುರುಮನೆಯಾಕೆ ಮೆಲ್ಲಗೆ ನನ್ನ ಕಿವಿಯಲ್ಲಿ, "ಮನೆ ಮೀಟ್ರು ನೋಡಿ ದಂಡ ಆಕ್ತಾರೆ ಅಂತ ಎಲ್ಲಾರೂ ಎಸಿ ಆರ್ಸವ್ರೆ ಕಣಕ್ಕ. ನಾವೂನೂವೆ," ಎಂದಳು. ನಾನದನ್ನು ಜೆಇಗೆ ಹೇಳಿಬಿಟ್ಟೆ. ಅವರು ನಗಲಿಲ್ಲ. ಇದನ್ನೇ ಬರೆದುಕೊಂಡು ಹೋದರೆ ಅರ್ಜಿ ಇಲ್ಲಿಗೇ ಮುಗಿಯಿತು, ದಿನಾ ಏನೇನು ಹಾಕುತ್ತೀರೋ ಎಲ್ಲ ಹಾಕಿ. ಮನೆಗಳಿಗೆ ಮಂಜೂರಾದದ್ದಕ್ಕಿಂತ ಹೆಚ್ಚಿನ ಲೋಡನ್ನು ಆಮೇಲೆ ಠೇವಣಿ ಕಟ್ಟಿ ಸಕ್ರಮ ಮಾಡಿಸಿಕೊಳ್ಳಿ ಎಂದರು.

ಅಷ್ಟರಲ್ಲಿ ಕೊನೆಯ ಮನೆಯ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಎಂದೂ ಕಾಣದ ಹಗುರ.

"ಇವತ್ತು ಎಷ್ಟು ಸಂದಾಗಿ ಬತ್ತಾ ಅದೆ ಕರೆಂಟು. ನಮ್ಮೆಜಮಾನ್ರು ಒಳ್ಳೆ ನಿದ್ದೆ ಮಾಡ್ತಾವ್ರೆ. ಒಸಾದು ಆಕ್ಬುಟ್ರಾ?"

ನಾನೇ ಹೇಳಬೇಕಾಯಿತು: ಈಗ ನಾವೆಲ್ಲ ಎಸಿ ಹಾಕಬೇಕು, ಹಾಕಿದರೆ ನಿಮ್ಮ ಮಷೀನು ನಿಲ್ಲುತ್ತದೆ. ಅಕ್ಕ ಒಂದು ಗಳಿಗೆ ಕಂಬದ ತುದಿಯನ್ನೇ ನೋಡಿದರು.

"ಸಿಲಿಂಡ್ರು ಆಕ್ತೀನಿ ತಡೀರಿ. ಆಮೇಲೆ ಎಸಿ ಆಕ್ಕಳಿ," ಎಂದು ತಿರುಗಿ ನಡೆದರು.

ಅವರು ಕಿಟಕಿಯಿಂದ ಆಯಿತೆಂದು ಕೈ ಬೀಸಿದ ಮೇಲೆ ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ಬೀದಿ ಗುಂಯ್ ಎಂದಿತು. ಬಾಗಿಲ ಮೇಲಿನ ಬಲ್ಬುಗಳು ಮಂಕಾಗುತ್ತ ಬಂದವು. ಜೆಇ ಮತ್ತೆ ಮೀಟರು ಹಿಡಿದು, ಮೂರು ಸಲ ಬರೆದುಕೊಂಡು, ತಲೆಯಾಡಿಸಿದರು. ಮುಗಿಯಿತು ಎಂದವರೇ ತಾವೇ ಬೀದಿಯುದ್ದಕ್ಕೂ ನಡೆದು, ಎಸಿ ಆರಿಸಿ ಎಂದು ಹೇಳಿಕೊಂಡು ಹೋದರು. ಆ ಸಂಜೆ ಯಾರೂ ಗೊಣಗಲಿಲ್ಲ. ಠೇವಣಿಯ ಚೀಟಿ ಬಂದಾಗ ಗೊಣಗಿದರು.

ಮಳೆಗಾಲ ಹಿಡಿದ ಮೇಲೆ ಕ್ರೇನಿನೊಂದಿಗೆ ಹೊಸ ಟ್ರಾನ್ಸ್‌ಫಾರ್ಮರು ಬಂತು. ಲೈನು ಕೊಟ್ಟ ಸಂಜೆ ಸಂಘದವರು ಹಂಚಿದ ಮೈಸೂರುಪಾಕನ್ನು ಅಕ್ಕನಿಗೆ ಒಯ್ದೆ. ಬಾಗಿಲು ತಟ್ಟಿದರೆ ಸದ್ದಿಲ್ಲ. ಕಿಟಕಿಯಲ್ಲಿ ಇಣುಕಿದೆ. ಎದುರುಮನೆಯ ಎಸಿ ಓಡುತ್ತಿತ್ತು, ಪಕ್ಕದ ಮನೆಯದೂ ಓಡುತ್ತಿತ್ತು; ಒಳಗೆ ಮಷೀನು ಒಂದೇ ಸಮ ಉಸಿರಾಡುತ್ತಿತ್ತು. ಯಜಮಾನರು ಎಚ್ಚರವಾಗಿದ್ದು ತುಟಿಗೆ ಬೆರಳಿಟ್ಟರು. ಮಂಚದ ಪಕ್ಕ ಚಾಪೆಯ ಮೇಲೆ ಅಕ್ಕ, ದೀಪವನ್ನೂ ಆರಿಸದೆ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು.