ನಥಿಂಗ್ ಎಂದು ಬರೆದವಳು

ಮೈಸೂರಿನ ಬೋಗಾದಿ ಕಡೆಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಒಮ್ಮೆ ಲ್ಯಾಬಿನ ಕ್ಯಾಮೆರಾ ಕಾಣೆಯಾಗಿ, ಅಲ್ಲಿಂದ ಕೊನೆಗೆ ಹೊರಬಂದಿದ್ದ ವಿದ್ಯಾರ್ಥಿನಿಯೊಬ್ಬಳಿಂದ ಪ್ರಿನ್ಸಿಪಾಲರು ವಿವರಣೆ ಬರೆಸಿಕೊಂಡರು. ಅವಳು ‘ಐ ಡಿಡ್ ನಾಟ್ ಟೇಕ್ ನಥಿಂಗ್’ ಎಂದು ಬರೆದಿದ್ದಳು.

“ಗ್ರಾಮರ್ ಪ್ರಕಾರ ಇದರರ್ಥ ಏನ್ರೀ ಮೇಡಂ?” ಎಂದು ಅವರು ನನ್ನನ್ನು ಕರೆಸಿ ಕೇಳಿದರು.

“ಎರಡು ನಿಷೇಧ ಸೇರಿದ್ರೆ ಒಂದನ್ನೊಂದು ಹೊಡೆದುಹಾಕುತ್ತೆ ಸಾರ್. ಏನೋ ತಗೊಂಡೆ ಅಂತಾಗುತ್ತೆ” ಎಂದುಬಿಟ್ಟೆ.

“ಏನೂ ತಗೊಂಡಿಲ್ಲ ಅಂತ ಒತ್ತಿ ಹೇಳಕ್ಕೆ ಅಂಗೆ ಬರ್ದೆ ಮೇಡಂ. ಸಿನಿಮಾದಲ್ಲಿ ಅಂಗೇ ಅಂತಾರಲ್ಲ” ಎಂದಳು ಅಲ್ಲೇ ನಿಂತಿದ್ದ ಹುಡುಗಿ.

ಅವಳು ಹೇಳಿದ್ದು ನಿಜ. ಆಡುಮಾತಿನ ಇಂಗ್ಲಿಷಿನಲ್ಲಿ ಎಷ್ಟೋ ಜನ ‘ಇಲ್ಲ’ವನ್ನು ಗಟ್ಟಿಮಾಡಲು ಎರಡು ನಿಷೇಧ ಬಳಸುತ್ತಾರೆ, ಅದು ಶಿಷ್ಟವಲ್ಲ, ಅಷ್ಟೇ. ಕಚೇರಿಗೆ ಕೊಡುವ ಪತ್ರದಲ್ಲಿ ಮಾತ್ರ ಅದು ತಪ್ಪು, ‘ಎನಿಥಿಂಗ್’ ಎಂದಿರಬೇಕು. ಆದರೆ ವ್ಯಾಕರಣದ ತಪ್ಪು ತಪ್ಪೊಪ್ಪಿಗೆಯಲ್ಲ. ಇದು ಗೊತ್ತಿದ್ದೂ, ಆಡಿದ ಮಾತನ್ನು ತಿದ್ದಿಕೊಳ್ಳಲು ನಾಚಿ ಸುಮ್ಮನಿದ್ದೆ.

ಪ್ರಿನ್ಸಿಪಾಲರು ನನ್ನ ಅರ್ಥವನ್ನೇ ಹಿಡಿದು ಅವಳೇ ಕದ್ದಳೆಂದುಕೊಂಡರು. ಮರುವಾರ ಅವಳು ಟಿ.ಸಿ. ತೆಗೆದುಕೊಂಡು ಹೋದಳು. ತಿಂಗಳಾದ ಮೇಲೆ ಕ್ಯಾಮೆರಾ ಲ್ಯಾಬಿನ ಬೀರುವಿನ ಹಿಂದೆ ಸಿಕ್ಕಿತು. ಕ್ಷಮೆ ಕೇಳಲು ಫೋನ್ ಮಾಡಿದೆ. ಅವಳ ತಾಯಿ ಎತ್ತಿಕೊಂಡು, “ಓದೋದೇ ಬುಟ್ಬುಟ್ಳು ಮೇಡಂ. ನಿಮ್ಮತ್ರ ಮಾತಾಡಲ್ವಂತೆ” ಎಂದರು.