ಹತ್ತು ಎಲೆ ಹೆಚ್ಚುಕಡಿಮೆ

ನನ್ನ ಮದುವೆಯ ಆರತಕ್ಷತೆಯ ಊಟಕ್ಕೆ ಸವಣೂರಿನ ಅಡುಗೆ ಗುತ್ತಿಗೆದಾರರೊಬ್ಬರು ಹಾನಗಲ್ಲಿನ ನಮ್ಮ ಮನೆಗೆ ಬಂದು ಕೊಟೇಶನ್ ಬರೆದುಕೊಟ್ಟರು. ಗೋಧಿ ಹುಗ್ಗಿ, ಚಪಾತಿ, ಎಣ್ಣೆಗಾಯಿ, ಅನ್ನ, ಸಾರು, ಮಿರ್ಚಿ ಭಜಿ. ನೂರೈವತ್ತು ಎಲೆ. ಹತ್ತು ಹೆಚ್ಚಾದರೂ ಕಡಿಮೆಯಾದರೂ ಒಪ್ಪಿದ ಮೊತ್ತವೇ. ಅದನ್ನು ಮೀರಿದರೆ ಎಲೆ ಎಣಿಸಿ ಬೇರೆ ದುಡ್ಡು. ಮುಂಗಡ ಈಗ, ಎರಡನೆಯ ಕಂತು ಕಿರಾಣಿ ತರುವ ದಿನ, ಉಳಿದದ್ದು ಊಟ ಮುಗಿದ ಮೇಲೆ.

“ನೂರೈವತ್ತರ ಮ್ಯಾಲ ಒಂದು ಎಲಿ ಏಳೂದಿಲ್ಲರಿ,” ಎಂದು ಅಪ್ಪ ಸಹಿ ಹಾಕಿ ಮುಂಗಡ ಕೊಟ್ಟರು. ಆದರೆ ಕಂಡವರನ್ನೆಲ್ಲ ಊಟಕ್ಕೆ ಕರೆಯುವುದು ಅವರ ಚಟ. ಬಾಗಿಲವರೆಗೆ ಕಳಿಸಲು ಹೋದವರು ಗುತ್ತಿಗೆದಾರರಿಗೂ ಕೈಮುಗಿದರು: “ಮನಿಮಂದಿನೆಲ್ಲಾ ಕರ್ಕೊಂಡು ಬರ್ರಿ.”

ಗುತ್ತಿಗೆದಾರರು ಚೀಟಿ ನೋಡಿದರು. “ನಾವು ಹನ್ನೊಂದು ಮಂದಿ ಅದೇವ್ರಿ. ಹತ್ತರಾಗ ಯಾರನ್ನ ಬಿಟ್ಟು ಬರ್ಲಿರಿ?”

ಅವ್ವ ಒಳಗಿನಿಂದಲೇ ಹೇಳಿದಳು: “ನೂರಾ ಎಪ್ಪತ್ತೈದು ಅಂತ ತಿದ್ದರಿ. ಇವರು ಇನ್ನೂ ಸಂತಿಗೆ ಹೋಗಿಲ್ಲ.”

ಮೊತ್ತವೂ ಏರಿತು, ಅಪ್ಪ ಮತ್ತೆ ಸಹಿ ಹಾಕಿದರು. ಆರತಕ್ಷತೆಯ ದಿನ ಎದ್ದದ್ದು ನೂರಾ ಎಂಬತ್ನಾಲ್ಕು ಎಲೆ. ಕೊನೆಯ ಕಂತು ಕೊಡುವಾಗ ಅಪ್ಪ ಬೀಗರಿಗೆ ಹೇಳುತ್ತಿದ್ದರು: “ನನ್ನ ಅಂದಾಜು ತಪ್ಪೂದಿಲ್ಲರಿ.”

ಅವ್ವ ಅಪ್ಪನಿಗೆ ಬಾಯಿ ತುಂಬುವಷ್ಟು ಎಲೆ ಅಡಿಕೆ ಕೊಟ್ಟಳು.