ಇಬ್ಬರು ತಾಯಮ್ಮಂದಿರ ಪಿಎಫ್ ನಂಬರು

ಚಿಕ್ಕತಾಯಮ್ಮನನ್ನು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ತಾಯಮ್ಮ ಎಂದೇ ಕರೆಯುತ್ತಿದ್ದರು. ಮೈಸೂರಿನ ಈ ಖಾಸಗಿ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದಾಗ ಅವಳು ಆಗಲೇ ಎರಡನೇ ಮಹಡಿಯ ವಾರ್ಡು ಒರೆಸುತ್ತಿದ್ದಳು. ಅಲ್ಲಿಂದಾಚೆ ಬೆಡ್ಡುಗಳು ಬದಲಾದವು, ಡಾಕ್ಟರುಗಳು ಬದಲಾದರು, ಅವಳ ಸೀರೆಯ ಮೇಲಿನ ಕೋಟಿನ ಬಣ್ಣವೂ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿತು. ಕೋಟಿನ ಬಣ್ಣ ಬದಲಾಯಿತೆಂದರೆ ಕಂಟ್ರಾಕ್ಟರ್ ಬದಲಾದನೆಂದು ಅರ್ಥ. ಕೆಲಸ ಅದೇ, ನೆಲ ಅದೇ. ಸಂಬಳ ಕೊಡುವವನು ಮಾತ್ರ ಬೇರೆ.

ಅವಳಿಗೆ ಐವತ್ತೆಂಟು ಹತ್ತಿರವಾಗುತ್ತಿತ್ತು. ಮಂಡಿ ಎರಡೂ ಹೋಗಿದ್ದವು. ಬಕೆಟ್ಟು ಎತ್ತುವಾಗ ಗೋಡೆ ಹಿಡಿದುಕೊಂಡು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ಗಂಡ ಸಿದ್ದಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಮಗಳ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಡ್ಯೂಟಿ ರೂಮಿಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತು ಕೇಳಿದಳು.

"ಸಿಸ್ಟರೂ, ನಂಗೆ ಪಿಂಚಣಿ ಬತ್ತದಾ?"

"ಹತ್ತು ವರ್ಷ ಪಿಎಫ್ ಕಟ್ಟಿದ್ರೆ ಬರತ್ತೆ. ನೀನು ಅದಕ್ಕಿಂತ ಜಾಸ್ತಿ ಕಟ್ಟಿದೀಯಲ್ಲ?"

"ಕಟ್ಟಿವ್ನಿ. ಆದ್ರೆ ಒಂಬತ್ತು ವರ್ಸನೂ ತುಂಬಾಕಿಲ್ಲ ಅಂತ ಹೇಳ್ತಾವ್ರೆ. ಎರಡು ನಂಬರೈತಂತೆ ನಂದು."

ಮೊಬೈಲಿನಲ್ಲಿ ನೋಡಿದೆ. ಆಧಾರ್ ಜೋಡಿಸಿದ್ದ ನಂಬರಿನಲ್ಲಿ ಎರಡನೇ ಕಂಟ್ರಾಕ್ಟರ್ ಬಂದಾಗಿನಿಂದ ಮಾತ್ರ ಲೆಕ್ಕವಿತ್ತು. ಅದಕ್ಕೂ ಹಿಂದೆ ನೀಲಿ ಕೋಟಿನವನ ಕೈಕೆಳಗೆ ಆರು ವರ್ಷ ದುಡಿದದ್ದು ಅಲ್ಲಿ ಇರಲೇ ಇಲ್ಲ. ಹೊಸ ಕಂಟ್ರಾಕ್ಟರ್ ಹಳೇ ನಂಬರು ಕೇಳುವ ಗೋಜಿಗೆ ಹೋಗದೆ ಎಲ್ಲರಿಗೂ ಹೊಸ ನಂಬರು ಮಾಡಿಸಿದ್ದ. ಸರ್ಕಾರದ ಲೆಕ್ಕದಲ್ಲಿ ನೀಲಿ ಕೋಟಿನ ತಾಯಮ್ಮ ಒಬ್ಬಳು, ಹಸಿರು ಕೋಟಿನ ಚಿಕ್ಕತಾಯಮ್ಮ ಇನ್ನೊಬ್ಬಳು. ಇಬ್ಬರಲ್ಲಿ ಯಾರಿಗೂ ಹತ್ತು ವರ್ಷವಿಲ್ಲ.

"ಹಳೇ ನಂಬರು ಇದೆಯಾ?"

ಸೆರಗಿನ ಗಂಟು ಬಿಚ್ಚಿ ಮಡಿಸಿಟ್ಟ ಚೀಟಿ ತೆಗೆದಳು. ಹಳೇ ಕಂಟ್ರಾಕ್ಟರನ ಸೂಪರ್‌ವೈಸರ್ ಹಂಚಿದ್ದಂತೆ. ನಂಬರಿನ ಪಕ್ಕ 'ತಾಯಮ್ಮ' ಎಂದಷ್ಟೇ ಇತ್ತು.

ಅಷ್ಟರಲ್ಲಿ ಅವಳ ಜೊತೆಯ ಹೊನ್ನಾಜಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಹೀಗೇ ಎರಡು ನಂಬರು ಇತ್ತು. ಸೈಬರ್ ಅಂಗಡಿಯವನ ಮಾತು ಕೇಳಿ, ಕೆಲಸ ಬಿಟ್ಟವಳೆಂದು ತೋರಿಸಿ ಹಳೇ ನಂಬರಿನ ಪಿಎಫ್ ಜೊತೆಗೆ ಪಿಂಚಣಿ ಪಾಲನ್ನೂ ಬಿಡಿಸಿಕೊಂಡಿದ್ದಳು. ದುಡ್ಡಿನ ಜೊತೆ ಆ ವರ್ಷಗಳೂ ಹೋಗಿದ್ದವು.

"ನನ್ನಂಗೆ ಮಾಡ್ಕಬ್ಯಾಡ ಕಣೆ," ಎಂದಳು ಹೊನ್ನಾಜಮ್ಮ. "ದುಡ್ಡು ಬಂತು ಅಂತ ಹೋಳಿಗೆ ಮಾಡಿದ್ನಲ್ಲ, ನೀನೂ ತಿಂದ್ಯಲ್ಲ? ಅದು ನನ್ನ ಪಿಂಚಣಿ ತಿಥಿ ಹೋಳಿಗೆ."

"ಬೆಲ್ಲ ಕಮ್ಮಿ ಆಗಿತ್ತು," ಎಂದಳು ತಾಯಮ್ಮ. ನಗಲಿಲ್ಲ. ನಗುವುದಕ್ಕೂ ಸುಸ್ತು.

ಹಳೇ ನಂಬರಿನ ದುಡ್ಡನ್ನು ಬಿಡಿಸಿಕೊಳ್ಳದೆ ಹೊಸದರೊಳಕ್ಕೆ ವರ್ಗಾಯಿಸಬೇಕಿತ್ತು. ಆಗ ಹಣದ ಜೊತೆ ದುಡಿದ ವರ್ಷಗಳೂ ಬರುತ್ತವೆ. ಆದರೆ ಎರಡೂ ಕಡೆ ಹೆಸರು, ಹುಟ್ಟಿದ ತಾರೀಖು ಹೊಂದಬೇಕು. ಆ ನಂಬರಿಗೆ ಆಧಾರ್ ಜೋಡಿಸಿರಲಿಲ್ಲ, ಹಾಗಾಗಿ ಮೊಬೈಲಿನಲ್ಲೇ ಮುಗಿಸುವಂತಿರಲಿಲ್ಲ. ತಿದ್ದುಪಡಿ ಅರ್ಜಿಗೆ ಕೆಲಸಗಾರ್ತಿಯ ಜೊತೆ ಕಂಟ್ರಾಕ್ಟರನ ಸಹಿಯೂ ಬೇಕು. ನೀಲಿ ಕೋಟಿನವನು ಕಂಪನಿ ಮುಚ್ಚಿ ಎಲ್ಲಿಗೋ ಹೋಗಿದ್ದ.

ಸೈಬರ್ ಅಂಗಡಿಯವನು ಸುಲಭದ ದಾರಿ ಹೇಳಿದ. "ಮುಚ್ಚಿರೋ ಕಂಪನಿಗೆ ಗೆಜೆಟೆಡ್ ಆಫೀಸರ್ ಸಹಿ ನಡೆಯತ್ತೆ ಅಜ್ಜಿ. ಹೆಸರು ತಿದ್ದಾಣ, ಹುಟ್ಟಿದ ತಾರೀಖು ತಿದ್ದಾಣ. ಎಲ್ಲಾ ಆಧಾರ್ ಥರ ಮಾಡಿಬಿಡಾಣ. ಅಲ್ಲಿ ಏನಿದೆ ಅಂತ ನೀವ್ ಯಾಕ್ ತಲೆ ಕೆಡಿಸ್ಕೊಳ್ತೀರಾ?"

ಅರ್ಜಿಗೆ ಸರ್ಕಾರಿ ಹೈಸ್ಕೂಲಿನ ಹೆಡ್ಮಾಸ್ಟರ ಸಹಿ ಮಾಡಿಸಿಕೊಂಡು, ನನ್ನ ರಜೆಯ ದಿನ ಇಬ್ಬರೂ ಪಿಎಫ್ ಆಫೀಸಿಗೆ ಹೋದೆವು. ನಮ್ಮ ಮುಂದೆ ಉದ್ದದ ಸಾಲು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನೊಳಗೆ ಆಧಾರ್. ತಾಯಮ್ಮ ಕುರ್ಚಿ ಸಿಕ್ಕಿದರೂ ಕೂರಲಿಲ್ಲ. ಕೂತರೆ ಏಳುವುದೇ ಕಷ್ಟ ಎಂದಳು.

ಕೌಂಟರಿನಲ್ಲಿದ್ದವರು ಶಕುಂತಲಾ ಎಂಬ ಅಧಿಕಾರಿ. ಅರ್ಜಿ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ಅರ್ಜಿ ನೋಡಿದರು.

"ಹೆಸರು ತಪ್ಪು ಅಂತೀರಿ. ಹುಟ್ಟಿದ ತಾರೀಖೂ ತಪ್ಪು. ಇಲ್ಲಿ ನೋಡಿದ್ರೆ ಗಂಡನ ಹೆಸರೂ ತಪ್ಪು. ಒಬ್ಬರ ಲೆಕ್ಕದಲ್ಲಿ ಇಷ್ಟೊಂದು ತಪ್ಪು ಇರತ್ತಾ ಅಮ್ಮ?"

"ಗಂಡನ ಹೆಸ್ರು ಏನಂತೈತೆ ಮೇಡಮ್ಮು?"

"ರಾಚಯ್ಯ."

ತಾಯಮ್ಮ ಕಂಪ್ಯೂಟರಿನ ಕಡೆ ಕತ್ತು ಚಾಚಿದಳು.

"ಕೊನೇ ಸಲ ದುಡ್ಡು ಕಟ್ಟಿರೋದು ಎರಡು ಸಾವಿರದ ಹದಿನಾರನೇ ಇಸವಿ ಗೌರಿಹಬ್ಬದ ಹೊತ್ತಿಗೆ. ನೀವು ಅಲ್ಲೀವರೆಗೇನಾ ಅವರ ಹತ್ರ ಇದ್ದಿದ್ದು?"

ನನಗೆ ಅವಳ ಮುಖ ನೋಡಿ ಗಾಬರಿಯಾಯಿತು. ನೀರು ಬೇಕಾ ಎಂದು ಕೇಳಿದೆ. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಲಾಂಡ್ರಿ ತಾಯಮ್ಮನ ಗಂಡ ಕಣ್ ಸಿಸ್ಟರ್ ರಾಚಯ್ಯ. ಆ ವರ್ಸ ಗೌರಿಹಬ್ಬ ಆದ್ಮೇಲೆ ಸತ್ತೋದ್ಲಲ್ಲ, ಡೆಂಗಿ ಜ್ವರದಲ್ಲಿ."

ನನಗೆ ನೆನಪಾಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇನ್ನೊಬ್ಬಳು ತಾಯಮ್ಮ ಇದ್ದಳು. ಎತ್ತರದ ಹೆಂಗಸು, ಜೋರು ನಗು. ಸೂಪರ್‌ವೈಸರ್ ಚೀಟಿ ಹಂಚುವಾಗ ಇವಳದು ಅವಳಿಗೆ, ಅವಳದು ಇವಳಿಗೆ ಹೋಗಿತ್ತು. ಇಷ್ಟು ವರ್ಷ ಇವಳ ಸೆರಗಿನ ಗಂಟಿನಲ್ಲಿದ್ದದ್ದು ಸತ್ತವಳ ನಂಬರು. ನಾವು ತುಂಬಿ ತಂದಿದ್ದ ಅರ್ಜಿ ಒಪ್ಪಿಗೆಯಾಗಿದ್ದರೆ ಸತ್ತವಳ ಹೆಸರು, ಹುಟ್ಟು, ಗಂಡ ಎಲ್ಲವೂ ಅಳಿಸಿ ಅವಳ ದುಡಿಮೆಯೆಲ್ಲ ನಮ್ಮ ತಾಯಮ್ಮನಿಗೆ ಸೇರಿಬಿಡುತ್ತಿತ್ತು.

ಅಧಿಕಾರಿ ಕಾಯುತ್ತಿದ್ದರು. "ಏನಮ್ಮ, ಗಂಡನ ಹೆಸರು ತಪ್ಪಾಗಿ ಬಿದ್ದಿದೆಯಾ?"

ಹೂಂ ಎಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವಳು ಕೌಂಟರಿನ ಅಂಚಿಗೆ ಎರಡೂ ಕೈ ಊರಿ ನಿಂತಿದ್ದಳು.

"ಇಲ್ಲ ಮೇಡಮ್ಮು. ಅದ್ ನಾನಲ್ಲ. ಅದು ಬ್ಯಾರೆ ತಾಯಮ್ಮ. ಅವ್ಳು ಸತ್ತೋಗವ್ಳೆ."

ಶಕುಂತಲಾ ಅವರು ಕನ್ನಡಕ ತೆಗೆದರು. ಬೈಯುತ್ತಾರೆ ಎಂದುಕೊಂಡೆ. ಅವರು ಅರ್ಜಿಯನ್ನು ಹಿಂದಕ್ಕೆ ಕೊಟ್ಟು, ಅದೇ ಕಂಟ್ರಾಕ್ಟರನ ಕೆಲಸಗಾರರ ಪಟ್ಟಿಯಲ್ಲಿ ಹುಡುಕತೊಡಗಿದರು. ತುಂಬಾ ಹೊತ್ತಾಯಿತು. ಹಿಂದಿದ್ದವರು ಗೊಣಗಿದರು. ಕೊನೆಗೆ ಸಿಕ್ಕಿತು. ಇನ್ನೊಬ್ಬಳು ತಾಯಮ್ಮ, ಗಂಡ ಸಿದ್ದಪ್ಪ, ಸಂಬಳ ಬೀಳುತ್ತಿದ್ದ ಬ್ಯಾಂಕ್ ಖಾತೆಯೂ ಇವಳದೇ.

"ಇದು ನಿಮ್ಮದು. ಇದಕ್ಕೆ ಹೊಸ ಅರ್ಜಿ ಹಾಕಿ. ಮೊದಲು ಹೆಸರು, ಹುಟ್ಟಿದ ತಾರೀಖು ಸರಿ ಮಾಡ್ಸಿ. ಕೆಲಸ ಬಿಟ್ಟ ತಾರೀಖನ್ನೂ ಅವನು ಹಾಕಿಲ್ಲ, ಅದೂ ಆಗಬೇಕು. ಆಮೇಲೆ ವರ್ಗಾವಣೆ."

"ಮತ್ತೆ ಹೆಡ್ಮಾಸ್ಟ್ರ ತಾವ ಓಗ್ಬೇಕಾ?"

"ಹೋಗಬೇಕು."

"ಆ ಇನ್ನೊಬ್ಳಿಗೆ?"

"ಕೆಲಸದಲ್ಲಿದ್ದಾಗಲೇ ಸತ್ತಿದ್ರೆ ಗಂಡನಿಗೆ ಪಿಂಚಣಿ ಬರಬೇಕು. ಇಷ್ಟು ವರ್ಷ ಯಾರೂ ಕೇಳಿಲ್ಲ ಅನ್ಸತ್ತೆ. ನಿಮಗೆ ಅವರ ಮನೆ ಗೊತ್ತಾ?"

ಹೊರಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅವಳು ಬನ್ನು ಅದ್ದಿಕೊಂಡು ತಿಂದಳು. "ಸುಮ್ಕೆ ಹೂಂ ಅಂದಿದ್ರೆ ಇವತ್ತೇ ಮುಗ್ದೋಗೋದು, ಅಲ್ವಾ ಸಿಸ್ಟರ್?" ಎಂದಳು. "ನಾಳಿಕ್ಕೆ ಸತ್ತ ಮ್ಯಾಲೆ ಎದುರಿಗೆ ಸಿಕ್ಕಿದ್ರೆ? ಅವಳ ಬಾಯಿ ನಿಂಗೆ ಗೊತ್ತಿಲ್ಲ," ಎಂದು ತಾನೇ ಉತ್ತರ ಕೊಟ್ಟುಕೊಂಡಳು.

ರಾಚಯ್ಯ ನಂಜನಗೂಡಿನ ಆಚೆ ಒಂದು ಹಳ್ಳಿಯಲ್ಲಿದ್ದ. ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆವು. ಜಗಲಿಯ ಮೇಲೆ ಕೂತು ಬಿದಿರು ಸೀಳುತ್ತಿದ್ದ. ಗುರುತು ಹಿಡಿಯಲಿಲ್ಲ. ಇವಳು ನಿಂತೇ ಎಲ್ಲ ಹೇಳಿದಳು. ಹೇಳಿ ಮುಗಿಯುವ ಹೊತ್ತಿಗೆ ಅವನ ಕತ್ತಿ ನಿಂತಿತ್ತು.

"ಅಂದ್ರೆ ಇಷ್ಟು ದಿನ ನನ್ನೆಂಡ್ರ ನಂಬರು ನಿನ್ ತಾವ ಇತ್ತಾ?"

"ನಂಗೇನ್ ಗೊತ್ತಣ್ಣ, ನಂದೇ ಅಂತ ಇಟ್ಕಂಡಿದ್ದೆ."

"ನಾನು ಆ ಕಂಟ್ರಾಕ್ಟ್ರ ಬಾಗ್ಲಿಗೆ ಎಷ್ಟು ಸಲ ಓಗಿವ್ನಿ ಗೊತ್ತಾ? ಚೀಟಿ ತೋರಿಸ್ದೆ. ಈ ನಂಬರಿನೋಳು ಬದುಕವ್ಳೆ, ಕೆಲಸ ಮಾಡ್ತಾವ್ಳೆ ಅಂದ. ಹೆಣ ನಾನೇ ಮಣ್ಣು ಮಾಡಿವ್ನಿ, ಇವನು ಬದುಕವ್ಳೆ ಅಂತಾನೆ!" ಕೂಗಾಡಿದ. "ಈಗ ಬಂದ್ಯಾ? ಯಾಕ್ ಬಂದೆ ಈಗ?"

ಅವನ ಸಿಟ್ಟು ಕಂಟ್ರಾಕ್ಟರನ ಮೇಲಿನದು. ಎದುರಿಗೆ ಸಿಕ್ಕವಳು ಇವಳು. ಇವಳು ಜಗಲಿಯ ತುದಿಗೆ ಕೂತಳು. ಮಂಡಿ ಉಜ್ಜಿಕೊಂಡಳು. ಅವನು ಕೂಗಿ ಸಾಕಾದ ಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಿಟ್ಟ. ಜೊತೆಗೆ ಆ ಚೀಟಿಯನ್ನೂ ತಂದ. ಅದರ ಮೇಲಿದ್ದದ್ದು ಇವಳ ನಂಬರು. ಇವಳು ತನ್ನ ಚೀಟಿ ಕೊಟ್ಟು ಅದನ್ನು ತೆಗೆದುಕೊಂಡಳು. ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ ಪಿಎಫ್ ಆಫೀಸಿನಲ್ಲಿ ಶಕುಂತಲಾ ಅವರನ್ನೇ ಕೇಳಬೇಕೆಂದು ಹೇಳಿ ಎದ್ದೆವು. ಅವನು ಬೀಳ್ಕೊಡಲು ಬರಲಿಲ್ಲ.

ಆಮೇಲಿನದ್ದು ಬರೀ ಅಲೆದಾಟ. ಹೆಡ್ಮಾಸ್ಟರು ವರ್ಗವಾಗಿದ್ದರು, ಹೊಸಬರನ್ನು ಕಾದೆವು. ತಿದ್ದುಪಡಿ ಆಯಿತು ಎಂದುಕೊಂಡು ವರ್ಗಾವಣೆಗೆ ಹಾಕಿದರೆ, ಕೆಲಸ ಬಿಟ್ಟ ತಾರೀಖು ಇನ್ನೂ ಬಂದಿಲ್ಲವೆಂದು ತಿರುಗಿ ಬಂತು. ಹೊನ್ನಾಜಮ್ಮ ದಿನಾ ಕೇಳುತ್ತಿದ್ದಳು, "ಏನೇ, ಇಬ್ರು ತಾಯಮ್ಮಂದ್ರೂ ಒಂದಾದ್ರಾ?" "ಇನ್ನೂ ಜಗಳಾಡ್ತಾವ್ರೆ," ಎನ್ನುತ್ತಿದ್ದಳು ಇವಳು, ಮಾಪು ಹಿಂಡುತ್ತಾ. ನಡುವೆ ಒಂದು ಸಲ ಎಲ್ಲಾ ಬೇಡವೆಂದು ಕವರನ್ನು ನನ್ನ ಮೇಜಿನ ಮೇಲೆ ಎಸೆದು ಹೋದಳು. ಎರಡು ವಾರ ಆ ಮಾತೇ ಎತ್ತಲಿಲ್ಲ. ಮೂರನೇ ವಾರ ತಾನೇ ಬಂದು ಕವರು ತೆಗೆದುಕೊಂಡು ಹೋದಳು.

ದಸರಾ ಕಳೆದ ಮೇಲೆ, ಅರ್ಜಿಯಲ್ಲಿ ಕೊಟ್ಟಿದ್ದ ನನ್ನ ಮೊಬೈಲಿಗೆ ಸಂದೇಶ ಬಂತು. ಹಳೆಯದು ಹೊಸದರಲ್ಲಿ ಸೇರಿತ್ತು. ಹಣ ಮಾತ್ರ ಬಂದು ವರ್ಷಗಳು ಬಂದಿಲ್ಲವೇನೋ ಎಂಬ ಅನುಮಾನಕ್ಕೆ ಸೇವೆಯ ವಿವರವನ್ನೂ ನೋಡಿದೆ. ನೀಲಿ ಕೋಟಿನ ಆರು ವರ್ಷಗಳು ಅಲ್ಲಿದ್ದವು. ಅವಳಿಗೆ ಹೇಳಿದೆ. "ಸರಿ," ಎಂದಳು, ಅಷ್ಟೇ. ಐಸಿಯು ಮುಂದೆ ಯಾರೋ ವಾಂತಿ ಮಾಡಿದ್ದರು, ಅಲ್ಲಿಗೆ ಹೋಗಬೇಕಿತ್ತು.

ಸಂಕ್ರಾಂತಿ ತಿಂಗಳಲ್ಲಿ ಐವತ್ತೆಂಟು ತುಂಬಿ ಪಿಂಚಣಿಗೆ ಅರ್ಜಿ ಹಾಕಿದಳು. ಮಂಜೂರಾದದ್ದು ತಿಂಗಳಿಗೆ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಬಾಡಿಗೆಗೂ ಸಾಲದು, ಆದರೆ ಯಾರನ್ನೂ ಕೇಳದೆ ಮಾತ್ರೆ ಕೊಳ್ಳಬಹುದು ಎಂದಳು. ರಾಚಯ್ಯನಿಗೂ ಆ ಬೇಸಿಗೆಯಲ್ಲಿ ಪಿಂಚಣಿ ಶುರುವಾಯಿತೆಂದು ಶಕುಂತಲಾ ಅವರಿಂದ ತಿಳಿಯಿತು. ಅವನು ಇವಳಿಗೆ ಹೇಳಿಯೂ ಕಳಿಸಲಿಲ್ಲ, ಇವಳು ಕೇಳಲೂ ಇಲ್ಲ.

ವಾರ್ಡಿನ ಕೆಲಸ ಬಿಟ್ಟ ಮೇಲೆ ಒಂದು ತಿಂಗಳು ಮಗಳ ಮನೆಯಲ್ಲಿ ಮಲಗಿದಳು. ನೋಡಲು ಹೋದಾಗ ಹಗಲೇ ಗಾಢ ನಿದ್ದೆಯಲ್ಲಿದ್ದಳು. ಮಗಳು ಎಬ್ಬಿಸಲು ಹೋದಳು, ನಾನು ಬೇಡವೆಂದೆ. ತಂದಿದ್ದ ಹಣ್ಣನ್ನು ಅಡುಗೆಮನೆಯಲ್ಲಿಟ್ಟು, ಚಪ್ಪಲಿ ಸದ್ದಾಗದಂತೆ ಹೊರಗೆ ಬಂದೆ.